ಹಿಟ್‌ಸ್ಕ್ಯಾನ್ ಬಂದೂಕೋ, ಪ್ರೊಜೆಕ್ಟೈಲ್ ಆಯುಧವೋ: ರಿಕಾಯಿಲ್, ಸ್ಪ್ರೆಡ್ ಮತ್ತು ಫಾಲ್‌ಆಫ್ ನೋಡಿ ಆರಿಸುವ ಬಗೆ

ಶೂಟರ್ ಆಟಗಳಲ್ಲಿ ಆಯುಧವನ್ನು ಆರಿಸುವಾಗ ಹೆಚ್ಚಿನವರು ಮೊದಲು ನೋಡುವುದು ಡ್ಯಾಮೇಜ್ ಎಂದು ಬರೆದಿರುವ ಒಂದೇ ಒಂದು ಅಂಕಿಯನ್ನು. ಆ ಅಂಕಿ ಸುಳ್ಳಲ್ಲ, ಆದರೆ ಅದು ಗುಂಡು ತಗುಲಿದ ಮೇಲಿನ ಮಾತು. ಗುಂಡು ತಗುಲುತ್ತದೆಯೇ, ತಗುಲಿದರೆ ಆ ದೂರದಲ್ಲಿ ಅದರಲ್ಲಿ ಎಷ್ಟು ಬಲ ಉಳಿದಿರುತ್ತದೆ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಬೇರೆಯೇ ಇವೆ. ಬಂದೂಕು ಹೊಡೆದಂತೆಲ್ಲ ಗುರಿಯಿಂದ ಸರಿಯುವುದು ರಿಕಾಯಿಲ್; ಬಂದೂಕು ನೆಟ್ಟಗಿದ್ದರೂ ಗುಂಡು ಅದರ ನೇರ ಬಿಟ್ಟು ಚದುರುವುದು ಸ್ಪ್ರೆಡ್; ದೂರ ಹೆಚ್ಚಿದಂತೆ ಏಟಿನ ಬಲ ಕುಗ್ಗುವುದು ಡ್ಯಾಮೇಜ್ ಫಾಲ್‌ಆಫ್. ಈ ಮೂರೂ ಹಿಟ್‌ಸ್ಕ್ಯಾನ್ ಆಯುಧಗಳಲ್ಲಿಯೂ ಇರುತ್ತವೆ, ಪ್ರೊಜೆಕ್ಟೈಲ್ ಆಯುಧಗಳಲ್ಲಿಯೂ ಇರುತ್ತವೆ. ಆದರೆ ಅವು ಆಟಗಾರನಿಂದ ಕೇಳುವ ಕೆಲಸ ಎರಡು ಕಡೆ ಒಂದೇ ಆಗಿರುವುದಿಲ್ಲ, ಆಯ್ಕೆ ನಿಂತಿರುವುದು ಆ ವ್ಯತ್ಯಾಸದ ಮೇಲೆಯೇ.

ಹಿಟ್‌ಸ್ಕ್ಯಾನ್ ಎಂದರೆ ಗುಂಡಿ ಒತ್ತಿದ ಕ್ಷಣದಲ್ಲಿಯೇ ಆಟವು ಒಂದು ಸರಳರೇಖೆಯನ್ನು ಎಳೆದು, ಅದರ ದಾರಿಯಲ್ಲಿ ಮೊದಲು ಸಿಕ್ಕಿದ್ದು ಗೋಡೆಯೋ ಎದುರಾಳಿಯೋ ಎಂದು ನೋಡಿ, ಏಟನ್ನು ಅಲ್ಲಿಯೇ ಲೆಕ್ಕ ಹಾಕಿಬಿಡುವ ವಿಧಾನ. ಅಲ್ಲಿ ಹಾರಾಡುವ ಗುಂಡು ಎಂಬ ವಸ್ತುವೇ ಇಲ್ಲ. ಪರದೆಯ ಮೇಲೆ ಕಾಣುವ ಬೆಳಕಿನ ಗೆರೆ ಬರಿಯ ಅಲಂಕಾರ. ಕೌಂಟರ್-ಸ್ಟ್ರೈಕ್ 2 ಮತ್ತು ವ್ಯಾಲೊರಂಟ್ ಆಟಗಳ ಬಂದೂಕುಗಳು ಈ ಜಾತಿಯವು. ಪ್ರೊಜೆಕ್ಟೈಲ್ ವಿಧಾನದಲ್ಲಿ ಗುಂಡು, ಬಾಣ ಅಥವಾ ರಾಕೆಟ್ ಒಂದು ನಿಜವಾದ ವಸ್ತುವಾಗಿ ಆಟದ ಲೋಕದೊಳಕ್ಕೆ ಬಂದು, ತನ್ನದೇ ವೇಗದಲ್ಲಿ ಸಾಗಿ, ಯಾವುದಕ್ಕಾದರೂ ಡಿಕ್ಕಿ ಹೊಡೆದಾಗ ಮಾತ್ರ ಏಟು ಬೀಳುತ್ತದೆ. ಪಬ್‌ಜಿ, ನಮ್ಮಲ್ಲಿ ಮೊಬೈಲಿನಲ್ಲಿ ಬಹಳ ಮಂದಿ ಆಡುವ ಬಿಜಿಎಂಐ, ಏಪೆಕ್ಸ್ ಲೆಜೆಂಡ್ಸ್ ಇವುಗಳ ಗುಂಡುಗಳು ಈ ಬಗೆಯವು. ಟೀಮ್ ಫೋರ್ಟ್ರೆಸ್ 2 ರಲ್ಲಿ ಎರಡೂ ಒಟ್ಟಿಗೆ ಇವೆ. ಅಲ್ಲಿನ ಸೋಲ್ಜರ್ ಪಾತ್ರದ ಒಂದು ಕೈಯಲ್ಲಿ ರಾಕೆಟ್ ಲಾಂಚರ್, ಇನ್ನೊಂದರಲ್ಲಿ ಶಾಟ್‌ಗನ್. ಅಂದರೆ ಈ ಹೋಲಿಕೆಯನ್ನು ಅವನು ಪ್ರತಿ ಕಾಳಗದಲ್ಲಿಯೂ ಅರ್ಧ ಸೆಕೆಂಡಿನೊಳಗೆ ಮಾಡಬೇಕಾಗುತ್ತದೆ. ಆದ್ದರಿಂದ ಈ ಬರಹದ ಮುಖ್ಯ ಉದಾಹರಣೆಯಾಗಿ ಅವನನ್ನೇ ಇಟ್ಟುಕೊಳ್ಳುತ್ತೇನೆ.

ರಿಕಾಯಿಲ್: ಕಲಿಯಬಹುದಾದ ತಪ್ಪು

ಹಿಟ್‌ಸ್ಕ್ಯಾನ್ ಎಂದರೆ ನಿಗದಿತ ರಿಕಾಯಿಲ್, ಪ್ರೊಜೆಕ್ಟೈಲ್ ಎಂದರೆ ಅಡ್ಡಾದಿಡ್ಡಿ ರಿಕಾಯಿಲ್ ಎಂಬ ಒಂದು ನಂಬಿಕೆ ಆಟಗಾರರಲ್ಲಿ ಇದೆ. ಇದು ಸರಿಯಲ್ಲ. ರಿಕಾಯಿಲ್ ಎಂಬುದು ಗುಂಡು ಹೊರಡುವ ಮೊದಲೇ ಮುಗಿದುಹೋಗುವ ಸಂಗತಿ. ಆಮೇಲೆ ಗುಂಡು ಒಂದೇ ಕ್ಷಣದಲ್ಲಿ ತಲುಪುತ್ತದೋ ಕಾಲು ಸೆಕೆಂಡು ಹಾರುತ್ತದೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೌಂಟರ್-ಸ್ಟ್ರೈಕ್‌ನಲ್ಲಿ ಪ್ರತಿ ಬಂದೂಕಿಗೂ ಒಂದು ಗೊತ್ತಾದ ಸ್ಪ್ರೇ ವಿನ್ಯಾಸವಿದೆ, ಅಂದರೆ ಬಿಡುವಿಲ್ಲದೆ ಒಂದೇ ಸಮನೆ ಹೊಡೆದಾಗ ಗುಂಡುಗಳು ಸಾಗುವ ದಾರಿ. ಎಕೆ-47 ನಿಮಿಷಕ್ಕೆ 600 ಗುಂಡುಗಳ ವೇಗದಲ್ಲಿ ತನ್ನ 30 ಗುಂಡುಗಳನ್ನು ಸುಮಾರು ಮೂರು ಸೆಕೆಂಡುಗಳಲ್ಲಿ ಖಾಲಿ ಮಾಡುತ್ತದೆ. ಮೊದಲ ಕೆಲವು ಗುಂಡುಗಳು ಮೇಲಕ್ಕೇರುತ್ತವೆ, ಆಮೇಲಿನವು ಒಂದು ಪಕ್ಕಕ್ಕೆ ವಾಲಿ ಮತ್ತೆ ಇನ್ನೊಂದು ಪಕ್ಕಕ್ಕೆ ಹೊರಳುತ್ತವೆ, ಮತ್ತು ಇಂದು ಹೊಡೆದರೂ ನಾಳೆ ಹೊಡೆದರೂ ಈ ದಾರಿ ಬದಲಾಗುವುದಿಲ್ಲ. ವ್ಯಾಲೊರಂಟ್ ಕೂಡ ಹಿಟ್‌ಸ್ಕ್ಯಾನ್ ಆಟವೇ, ಆದರೆ ಅಲ್ಲಿ ಮೇಲಕ್ಕೇರುವ ಭಾಗ ಮಾತ್ರ ನಿಗದಿಯಾಗಿರುತ್ತದೆ, ಪಕ್ಕಕ್ಕೆ ಯಾವಾಗ ತಿರುಗುತ್ತದೆ ಎಂಬುದು ಪ್ರತಿ ಸಲವೂ ಬೇರೆಯಾಗಬಹುದು. ಇದಕ್ಕೆ ಎದುರಾಗಿ ಏಪೆಕ್ಸ್ ಲೆಜೆಂಡ್ಸ್ ಪ್ರೊಜೆಕ್ಟೈಲ್ ಆಟವಾಗಿದ್ದೂ ಅದರ ಬಂದೂಕುಗಳ ರಿಕಾಯಿಲ್ ಬಾಯಿಪಾಠ ಮಾಡಬಹುದಾದಷ್ಟು ಖಚಿತವಾಗಿದೆ. ಹಾಗಾಗಿ ಆಯುಧದ ಜಾತಿಯನ್ನು ನೋಡಿ ರಿಕಾಯಿಲ್ ಹೇಗಿರಬಹುದೆಂದು ಊಹಿಸುವುದನ್ನು ಬಿಟ್ಟು, ಆ ಆಟದ ಅಭ್ಯಾಸದ ಅಂಗಳದಲ್ಲಿ ಗೋಡೆಯ ಮೇಲೆ ಮೂರು ಸಲ ಹೊಡೆದು ಗುರುತುಗಳನ್ನು ಹೋಲಿಸಿ ನೋಡುವುದು ಮೇಲು.

ನಿಜವಾದ ವ್ಯತ್ಯಾಸವಿರುವುದು ರಿಕಾಯಿಲನ್ನು ತಿದ್ದಿಕೊಳ್ಳಲು ನಮಗೆ ಸಿಗುವ ಸುಳಿವಿನಲ್ಲಿ. ಹಿಟ್‌ಸ್ಕ್ಯಾನ್‌ನಲ್ಲಿ ಗುಂಡಿ ಒತ್ತಿದ ಮರುಕ್ಷಣವೇ ಗುಂಡು ಎಲ್ಲಿ ಬಿತ್ತೆಂದು ಗೋಡೆಯೇ ತೋರಿಸುತ್ತದೆ, ಮತ್ತು ಕೈ ಅದಕ್ಕೆ ತಕ್ಕಂತೆ ಮುಂದಿನ ಗುಂಡಿಗೇ ಹೊಂದಿಕೊಳ್ಳಬಹುದು. ಪ್ರೊಜೆಕ್ಟೈಲ್‌ನಲ್ಲಿ ಈ ಸುಳಿವು ತಡವಾಗಿ ಬರುತ್ತದೆ. ಪಬ್‌ಜಿಯಲ್ಲಿ ಎಂ416 ರ ಗುಂಡಿನ ಆರಂಭದ ವೇಗ ಸೆಕೆಂಡಿಗೆ 880 ಮೀಟರ್, ಎಕೆಎಂ ಗುಂಡಿನದು 715 ಮೀಟರ್. ಗಾಳಿಯ ತಡೆಯಿಂದ ಆಗುವ ನಿಧಾನವನ್ನು ಬಿಟ್ಟು ಲೆಕ್ಕ ಹಾಕಿದರೂ 200 ಮೀಟರ್ ದಾಟಲು ಎಂ416 ರ ಗುಂಡಿಗೆ ಸುಮಾರು 0.23 ಸೆಕೆಂಡು, ಎಕೆಎಂ ಗುಂಡಿಗೆ 0.28 ಸೆಕೆಂಡು ಬೇಕು. ಎಕೆಎಂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಒಂದರಂತೆ ಗುಂಡು ಹಾರಿಸುತ್ತದೆ. ಅಂದರೆ ಮೊದಲ ಗುಂಡು ಗುರಿಯ ಬಳಿ ಧೂಳೆಬ್ಬಿಸುವ ಹೊತ್ತಿಗೆ ಎರಡನೆಯದೂ ಮೂರನೆಯದೂ ಆಗಲೇ ದಾರಿಯಲ್ಲಿರುತ್ತವೆ, ನಾಲ್ಕನೆಯದು ಹೊರಡುವುದರಲ್ಲಿರುತ್ತದೆ. ಧೂಳನ್ನು ನೋಡಿ ಕೈ ಸರಿಪಡಿಸಿಕೊಳ್ಳುವ ಆಟಗಾರ ಯಾವಾಗಲೂ ಮೂರು ಗುಂಡುಗಳ ಹಿಂದಿನ ತಪ್ಪನ್ನು ತಿದ್ದುತ್ತಿರುತ್ತಾನೆ. ಅಷ್ಟರಲ್ಲಿ ಬಂದೂಕು ಬೇರೆ ಕಡೆಗೆ ಸರಿದಿರುವುದರಿಂದ ಅವನ ತಿದ್ದುಪಡಿ ಅತಿಯಾಗಿ, ಗುಂಡುಗಳು ಎದುರಾಳಿಯ ಎರಡೂ ಪಕ್ಕದಲ್ಲಿ ಹಾವಿನಂತೆ ಹರಿಯುತ್ತವೆ. ನಿಮ್ಮ ಸ್ಪ್ರೇ ದೂರದಲ್ಲಿ ಹೀಗೆ ಅತ್ತಿತ್ತ ತೂಗುತ್ತಿದ್ದರೆ ಕಾರಣ ರಿಕಾಯಿಲ್ ಬಲವಾಗಿರುವುದಲ್ಲ, ನೀವು ಗುಂಡು ಬಿದ್ದ ಜಾಗವನ್ನು ನೋಡಿ ತಿದ್ದುತ್ತಿರುವುದು. ಅಂತಹ ಆಯುಧದಲ್ಲಿ ಕಣ್ಣು ಸ್ಕೋಪಿನ ಗುರುತಿನ ಮೇಲೆಯೇ ಇರಬೇಕು. ಗುರುತು ಮೇಲಕ್ಕೆದ್ದಷ್ಟನ್ನು ಕೆಳಗೆಳೆಯಬೇಕು, ಧೂಳನ್ನು ಲೀಡ್, ಅಂದರೆ ಓಡುವವನ ಮುಂದಕ್ಕೆ ಇಟ್ಟ ಗುರಿ, ಸರಿಯಿತ್ತೇ ಎಂದು ನೋಡಲು ಮಾತ್ರ ಬಳಸಬೇಕು.

ಇಲ್ಲಿ ಮೊಬೈಲಿನಿಂದ ಪಿಸಿಗೆ ಬರುವವರು ಎಡವುವ ಇನ್ನೊಂದು ಜಾಗವಿದೆ. ಬಿಜಿಎಂಐ ಆಡಿದ ಕೈಗೆ ಸ್ಕೋಪಿನ ಗುರುತು ಎಲ್ಲಿದೆಯೋ ಗುಂಡು ಅಲ್ಲಿಗೆ ಹೋಗುತ್ತದೆ ಎಂಬ ನಂಬಿಕೆ ರೂಢಿಯಾಗಿರುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ನೋಟ ಸ್ವಲ್ಪ ಮಾತ್ರ ಮೇಲಕ್ಕೇರುತ್ತದೆ, ಗುಂಡುಗಳು ಕ್ರಾಸ್‌ಹೇರ್‌ಗಿಂತ ಇನ್ನೂ ಮೇಲಕ್ಕೆ ಹೋಗುತ್ತವೆ. ಎದುರಾಳಿಯ ಎದೆಯ ಮೇಲೆ ಕ್ರಾಸ್‌ಹೇರ್ ನೆಟ್ಟಗೆ ನಿಂತಿದ್ದರೂ ಹತ್ತನೆಯ ಗುಂಡು ಅವನ ತಲೆಯ ಮೇಲಿಂದ ಹಾದುಹೋಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್‌ಹೇರ್ ರಿಕಾಯಿಲನ್ನು ಹಿಂಬಾಲಿಸುವ ಆಯ್ಕೆಯನ್ನು, ಅಂದರೆ `cl_crosshair_recoil 1` ಅನ್ನು, ಮೊದಲ ಕೆಲವು ವಾರ ಹಾಕಿಕೊಂಡರೆ ಈ ಅಂತರ ಕಣ್ಣಿಗೆ ಕಾಣುತ್ತದೆ.

ಸ್ಪ್ರೆಡ್: ಕಲಿಯಲಾಗದ ತಪ್ಪು

ಸ್ಪ್ರೆಡ್ ಬಗ್ಗೆ ಮೊದಲು ಒಪ್ಪಿಕೊಳ್ಳಬೇಕಾದದ್ದೆಂದರೆ ಅದನ್ನು ಕೈಯಿಂದ ತಿದ್ದಲು ಸಾಧ್ಯವಿಲ್ಲ. ಅದು ಪ್ರತಿ ಗುಂಡಿಗೂ ಆಟ ಹಾಕುವ ದಾಳ. ನಾವು ಮಾಡಬಹುದಾದದ್ದು ದಾಳ ಬೀಳುವ ವೃತ್ತವನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದಷ್ಟೇ: ನಿಲ್ಲುವುದು, ಕೂರುವುದು, ಸ್ಕೋಪಿನಲ್ಲಿ ನೋಡುವುದು, ಎರಡು ಗುಂಡುಗಳ ನಡುವೆ ಬಿಡುವು ಕೊಡುವುದು. ಕೌಂಟರ್-ಸ್ಟ್ರೈಕ್‌ನಲ್ಲಿ ನಡಿಗೆಯ ವೇಗ ಆ ಬಂದೂಕಿನ ಗರಿಷ್ಠ ವೇಗದ ಸುಮಾರು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ನಿಂತು ಹೊಡೆದಷ್ಟೇ ನಿಖರತೆ ಸಿಗುತ್ತದೆ. ಅದಕ್ಕಾಗಿಯೇ ಅನುಭವಿಗಳು ಓಡುತ್ತಿರುವ ದಿಕ್ಕಿಗೆ ಎದುರಿನ ಕೀಲಿಯನ್ನು ತಟ್ಟಿ, ತಟಕ್ಕನೆ ನಿಂತು ಹೊಡೆಯುತ್ತಾರೆ.

ಸ್ಪ್ರೆಡ್ ಒಂದು ಕೋನ, ಉದ್ದವಲ್ಲ. ಇದನ್ನು ಮರೆತರೆ ದೂರದ ಲೆಕ್ಕವೆಲ್ಲ ತಪ್ಪುತ್ತದೆ. ಗುರಿಯ ನೇರದಿಂದ ಅರ್ಧ ಡಿಗ್ರಿಯವರೆಗೆ ಗುಂಡು ಚದುರಬಹುದು ಎಂದುಕೊಳ್ಳಿ. ಹತ್ತು ಮೀಟರಿನಲ್ಲಿ ಆ ವೃತ್ತದ ತ್ರಿಜ್ಯ 9 ಸೆಂಟಿಮೀಟರ್, ತಲೆಯೊಳಗೇ ಮುಗಿಯುತ್ತದೆ. ಮೂವತ್ತು ಮೀಟರಿನಲ್ಲಿ ಅದೇ ಕೋನ 26 ಸೆಂಟಿಮೀಟರ್ ಆಗುತ್ತದೆ, ತಲೆಗಿಟ್ಟ ಗುರಿ ಎಷ್ಟು ಸರಿಯಾಗಿದ್ದರೂ ಬಹುಪಾಲು ಗುಂಡುಗಳು ತಲೆಯ ಹೊರಗೆ ಹೋಗಬಹುದು. ನೂರು ಮೀಟರಿನಲ್ಲಿ ತ್ರಿಜ್ಯ 87 ಸೆಂಟಿಮೀಟರ್. ಆಗ ಇಡೀ ಮೈಯೇ ವೃತ್ತದ ಒಂದು ಭಾಗ ಮಾತ್ರ. ಈ ರೇಖಾಗಣಿತ ಎರಡೂ ಬಗೆಯ ಆಯುಧಗಳಿಗೆ ಸಮನಾಗಿ ಅನ್ವಯಿಸುತ್ತದೆ. ಆದರೆ ಆಟ ರೂಪಿಸುವವರು ಸ್ಪ್ರೆಡ್ಡನ್ನು ಎರಡಕ್ಕೂ ಸಮನಾಗಿ ಹಂಚುವುದಿಲ್ಲ. ಹಿಟ್‌ಸ್ಕ್ಯಾನ್ ಗುಂಡು ದೂರದಲ್ಲಿಯೂ ತಕ್ಷಣ ತಲುಪುವುದರಿಂದ, ಅದಕ್ಕೆ ಲಗಾಮು ಹಾಕಲು ಸ್ಪ್ರೆಡ್ ಬೇಕಾಗುತ್ತದೆ. ರಾಕೆಟ್ಟಿಗೆ, ಬಾಣಕ್ಕೆ ಹಾರಾಟದ ಸಮಯವೇ ಲಗಾಮು. ಟೀಮ್ ಫೋರ್ಟ್ರೆಸ್ 2 ರ ಸಾಮಾನ್ಯ ರಾಕೆಟ್ ಲಾಂಚರ್‌ಗೆ ಸ್ಪ್ರೆಡ್ಡೇ ಇಲ್ಲ. ಓಡುತ್ತ, ಹಾರುತ್ತ, ಗಾಳಿಯಲ್ಲಿ ತಿರುಗುತ್ತ ಹೊಡೆದರೂ ರಾಕೆಟ್ ತೋರಿಸಿದ ಕಡೆಗೇ ಹೋಗುತ್ತದೆ. ಅದೇ ಸೋಲ್ಜರ್‌ನ ಶಾಟ್‌ಗನ್ ಹತ್ತು ಚರೆಗಳನ್ನು ಚೆಲ್ಲುತ್ತದೆ.

ಶಾಟ್‌ಗನ್ ಚರೆಗಳು ಎಲ್ಲಿ ಬೀಳುತ್ತವೆ ಎಂಬುದನ್ನು ಸಂಪೂರ್ಣವಾಗಿ ದಾಳಕ್ಕೆ ಬಿಡುವುದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ, ಹೀಗೆ ಅನ್ನಿಸಿದವನು ನಾನೊಬ್ಬನೇ ಅಲ್ಲ. ಈ ಆಟದಲ್ಲಿ ಸರ್ವರ್ ನಡೆಸುವವರು `tf_use_fixed_weaponspreads 1` ಎಂದು ಕೊಟ್ಟರೆ ಚರೆಗಳು ಪ್ರತಿ ಸಲವೂ ಒಂದೇ ಚೌಕದ ವಿನ್ಯಾಸದಲ್ಲಿ ಬೀಳುತ್ತವೆ. ಆಗ ಸ್ಪ್ರೆಡ್ ಅಳಿಯುವುದಿಲ್ಲ, ಆದರೆ ಅದು ದಾಳವಾಗಿ ಉಳಿಯದೆ ಕಲಿಯಬಹುದಾದ ಆಕಾರವಾಗುತ್ತದೆ. ನೀವು ಆಡುವ ಸರ್ವರ್‌ನಲ್ಲಿ ಇದು ಹೇಗಿದೆ ಎಂದು ತಿಳಿಯಲು ಗೋಡೆಯೊಂದಕ್ಕೆ ಒಂದೇ ದೂರದಿಂದ ನಾಲ್ಕು ಸಲ ಹೊಡೆದರೆ ಸಾಕು.

ರಿಕಾಯಿಲ್ ಯಾವುದು, ಸ್ಪ್ರೆಡ್ ಯಾವುದು ಎಂದು ಬೇರ್ಪಡಿಸಿ ನೋಡಲು ಕೌಂಟರ್-ಸ್ಟ್ರೈಕ್ 2 ರಲ್ಲಿ ಒಂದು ಸುಲಭವಾದ ಪ್ರಯೋಗವಿದೆ. ಒಬ್ಬರೇ ಅಭ್ಯಾಸದ ಆಟವೊಂದನ್ನು ತೆರೆದು ಕನ್ಸೋಲ್‌ನಲ್ಲಿ ಹೀಗೆ ಕೊಡಿ.

```
sv_cheats 1
sv_infinite_ammo 2
sv_showimpacts 1
weapon_accuracy_nospread 1
```

ಗೋಡೆಯತ್ತ ಎಕೆ-47 ಹಿಡಿದು, ಮೌಸ್ ಅಲುಗಿಸದೆ, 30 ಗುಂಡುಗಳನ್ನೂ ಹೊಡೆಯಿರಿ. ಈಗ ಕಾಣುವುದು ಶುದ್ಧ ರಿಕಾಯಿಲ್. ಎಷ್ಟು ಸಲ ಹೊಡೆದರೂ ಗುರುತುಗಳು ಒಂದರ ಮೇಲೊಂದು ಬೀಳುತ್ತವೆ. ಆಮೇಲೆ ಕೊನೆಯ ಸಾಲಿನ 1 ಅನ್ನು 0 ಮಾಡಿ ಅದೇ ಜಾಗದಿಂದ ಮತ್ತೆ ಹೊಡೆಯಿರಿ. ಆಕಾರ ಅದೇ ಇರುತ್ತದೆ, ಆದರೆ ಪ್ರತಿ ಗುರುತೂ ತನ್ನ ಮೊದಲಿನ ಜಾಗದ ಸುತ್ತ ಅಷ್ಟಿಷ್ಟು ಕದಲಿರುತ್ತದೆ. ಆ ಕದಲಿಕೆಯೇ ಸ್ಪ್ರೆಡ್. ಹತ್ತಿರದ ಗೋಡೆಗೆ ಒಮ್ಮೆ, ದೂರದ ಗೋಡೆಗೆ ಒಮ್ಮೆ ಹೊಡೆದು ಹೋಲಿಸಿದರೆ, ಯಾವ ದೂರದ ಆಚೆಗೆ ಸ್ಪ್ರೇ ಮಾಡುವುದು ವ್ಯರ್ಥ, ಎಲ್ಲಿಂದ ಎರಡೆರಡು ಗುಂಡು ಹೊಡೆದು ನಿಲ್ಲಿಸಬೇಕು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಫಾಲ್‌ಆಫ್: ಯಾವ ದೂರವನ್ನು ಅಳೆಯಲಾಗುತ್ತಿದೆ?

ಹಿಟ್‌ಸ್ಕ್ಯಾನ್ ಆಟಗಳಲ್ಲಿ ಫಾಲ್‌ಆಫ್ ಸಾಮಾನ್ಯವಾಗಿ ಹೊಡೆದವನಿಗೂ ತಗುಲಿಸಿಕೊಂಡವನಿಗೂ ನಡುವಿನ ದೂರದ ಮೇಲೆ ನಿಂತಿದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಅದರ ಸೂತ್ರ ಇಷ್ಟೇ:

```
damage = base * modifier ^ (distance / 500)
```

ಇಲ್ಲಿ ದೂರ ಆಟದ ಯೂನಿಟ್‌ಗಳಲ್ಲಿದೆ. ಎಕೆ-47 ರ ಮೂಲ ಡ್ಯಾಮೇಜ್ 36, ಗುಣಾಂಕ 0.98. ಗ್ಲಾಕ್ ಪಿಸ್ತೂಲಿನ ಮೂಲ ಡ್ಯಾಮೇಜ್ 30, ಗುಣಾಂಕ 0.85. ಅಂಕಿಗಳನ್ನು ಮೇಲ್ನೋಟಕ್ಕೆ ನೋಡಿದರೆ 36 ಕ್ಕೂ 30 ಕ್ಕೂ ಅಂತಹ ದೊಡ್ಡ ಅಂತರವಿಲ್ಲ. 1500 ಯೂನಿಟ್ ದೂರದಲ್ಲಿ ಲೆಕ್ಕ ಹಾಕಿ: ಎಕೆಯಲ್ಲಿ ಸುಮಾರು 33.9 ಉಳಿಯುತ್ತದೆ, ಗ್ಲಾಕ್‌ನಲ್ಲಿ 18.4. ಹೆಲ್ಮೆಟ್ ಹಾಕಿದ ಎದುರಾಳಿಯ ತಲೆಗೆ ಎಕೆಯ ಗುಂಡು ಬಿದ್ದರೆ ಡ್ಯಾಮೇಜ್ ನಾಲ್ಕು ಪಟ್ಟಾಗಿ, ಅದರಲ್ಲಿ ಶೇಕಡಾ 77.5 ರಷ್ಟು ಒಳಹೊಗುತ್ತದೆ. ಆ ದೂರದಲ್ಲಿ ಅದು ಸುಮಾರು 105, ಅಂದರೆ 100 ಆರೋಗ್ಯದ ಎದುರಾಳಿ ಒಂದೇ ಗುಂಡಿಗೆ ಬೀಳುತ್ತಾನೆ. ಈ ಸಾಮರ್ಥ್ಯ ಸುಮಾರು 2700 ಯೂನಿಟ್‌ವರೆಗೂ ಉಳಿಯುತ್ತದೆ. ಎಂ4ಎ4 ರ ಮೂಲ ಡ್ಯಾಮೇಜ್ 33, ಹೆಲ್ಮೆಟ್ಟಿನೊಳಕ್ಕೆ ಹೋಗುವುದು ಶೇಕಡಾ 70. ಮೂತಿ ತಾಗಿಸಿ ತಲೆಗೆ ಹೊಡೆದರೂ 92 ದಾಟುವುದಿಲ್ಲ. ಹಾಗಾದರೆ ಈ ಎರಡು ಬಂದೂಕುಗಳ ನಡುವೆ ಒಂದೇ ಗುಂಡಿನ ವ್ಯತ್ಯಾಸವನ್ನು ತೀರ್ಮಾನಿಸುತ್ತಿರುವುದು ಫಾಲ್‌ಆಫ್ ಅಲ್ಲವೇ ಅಲ್ಲ, ಹೆಲ್ಮೆಟ್. ಫಾಲ್‌ಆಫ್ ಅಂಕಿಯನ್ನು ಒಂಟಿಯಾಗಿ ಓದಬಾರದು ಎನ್ನುವುದು ಇದಕ್ಕಾಗಿ. ಅದು ಎದುರಾಳಿಯನ್ನು ಬೀಳಿಸಲು ಬೇಕಾದ ಗುಂಡುಗಳ ಸಂಖ್ಯೆಯನ್ನು ಬದಲಿಸುವ ದೂರದಲ್ಲಿ ಮಾತ್ರ ಮುಖ್ಯವಾಗುತ್ತದೆ.

ವ್ಯಾಲೊರಂಟ್ 2020 ರಲ್ಲಿ ಬಿಡುಗಡೆಯಾದಾಗಿನ ಅಂಕಿಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಫ್ಯಾಂಟಮ್ ಬಂದೂಕಿನ ಹೆಡ್‌ಶಾಟ್ 15 ಮೀಟರ್‌ವರೆಗೆ 156, ಅಲ್ಲಿಂದ 30 ಮೀಟರ್‌ವರೆಗೆ 140. ಇಳಿದದ್ದು ಶೇಕಡಾ ಹತ್ತರಷ್ಟು ಮಾತ್ರ. ಆದರೆ ಪೂರ್ತಿ ಶೀಲ್ಡ್ ಕೊಂಡ ಎದುರಾಳಿಯ ಒಟ್ಟು ಆರೋಗ್ಯ 150 ಆಗಿದ್ದರಿಂದ, ಆ ಒಂದು ಮೆಟ್ಟಿಲು ಒಂದು ಗುಂಡಿನ ಕೆಲಸವನ್ನು ಎರಡು ಗುಂಡಿನದಾಗಿ ಮಾಡಿತು. ಇಂತಹ ಅಂಕಿಗಳನ್ನು ಆಟದವರು ಅಪ್‌ಡೇಟ್‌ಗಳಲ್ಲಿ ಬದಲಿಸುತ್ತಲೇ ಇರುತ್ತಾರೆ. ಅಂಕಿ ಬದಲಾದಾಗ ನೋಡಬೇಕಾದ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ.

ಪ್ರೊಜೆಕ್ಟೈಲ್‌ಗೆ ಬಂದರೆ, ಮೊದಲು ಕೇಳಬೇಕಾದದ್ದು ದೂರವನ್ನು ಎಲ್ಲಿಂದ ಅಳೆಯುತ್ತಾರೆ ಎಂಬುದನ್ನು. ಕ್ವೇಕ್ 3 ರಲ್ಲಿ ರಾಕೆಟ್ ಎಷ್ಟು ದೂರದಿಂದ ಬಂತು ಎಂಬುದು ಲೆಕ್ಕಕ್ಕೇ ಇಲ್ಲ; ನೇರವಾಗಿ ಬಡಿದರೆ 100, ಇಲ್ಲವಾದರೆ ಸ್ಫೋಟದ ಕೇಂದ್ರದಿಂದ 120 ಯೂನಿಟ್ ಒಳಗೆ ಇದ್ದವನಿಗೆ ದೂರಕ್ಕೆ ತಕ್ಕಂತೆ ಇಳಿಯುತ್ತ ಹೋಗುವ ಏಟು. ಟೀಮ್ ಫೋರ್ಟ್ರೆಸ್ 2 ರಲ್ಲಿ ಎರಡು ದೂರಗಳೂ ಲೆಕ್ಕಕ್ಕೆ ಬರುತ್ತವೆ. ರಾಕೆಟ್ಟಿನ ಮೂಲ ಡ್ಯಾಮೇಜ್ 90. ಅದು ಪೂರ್ತಿಯಾಗಿ ಸಿಗುವುದು ಹೊಡೆದವನಿಂದ 512 ಯೂನಿಟ್ ದೂರದಲ್ಲಿ. ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಸುಮಾರು 112 ಕ್ಕೆ ಏರುತ್ತದೆ, 1024 ಯೂನಿಟ್ ಆಚೆಗೆ ಸುಮಾರು 48 ಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಇದರ ಮೇಲೆ ಸ್ಫೋಟದ ಲೆಕ್ಕ: ರಾಕೆಟ್ ನೇರವಾಗಿ ಬಡಿಯದೆ ಪಕ್ಕದಲ್ಲಿ ಸಿಡಿದರೆ, 146 ಯೂನಿಟ್ ವ್ಯಾಪ್ತಿಯ ಅಂಚಿಗೆ ಹೋಗುವಷ್ಟರಲ್ಲಿ ಏಟು ಅರ್ಧಕ್ಕೆ ಇಳಿಯುತ್ತದೆ. ಅದೇ ಆಟದ ಡೆಮೊಮ್ಯಾನ್ ಗ್ರೆನೇಡ್ ಲಾಂಚರ್‌ನಿಂದ ಹಾರಿಸಿದ ಗ್ರೆನೇಡ್ ನೇರವಾಗಿ ಬಡಿದರೆ ಮಾತ್ರ, ಹತ್ತಿರವಾಗಲಿ ದೂರವಾಗಲಿ, 100 ಕೊಡುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಕಮಾನಿನಂತೆ ಬಾಗಿ ನಿಧಾನವಾಗಿ ಹಾರುವ ಗ್ರೆನೇಡನ್ನು ದೂರದಲ್ಲಿ ಓಡುವವನಿಗೆ ತಗುಲಿಸುವುದೇ ದುಸ್ಸಾಧ್ಯ. ತಗುಲಿಸಿದವನಿಗೆ ಮತ್ತೊಂದು ದಂಡ ಹಾಕುವ ಅಗತ್ಯವಿಲ್ಲ.

ಪ್ರೊಜೆಕ್ಟೈಲ್‌ನ ನಿಜವಾದ ಫಾಲ್‌ಆಫ್ ಯಾವ ಕೋಷ್ಟಕದಲ್ಲಿಯೂ ಬರೆದಿರುವುದಿಲ್ಲ, ಏಕೆಂದರೆ ಅದು ಹಾರಾಟದ ಸಮಯದಲ್ಲಿ ಅಡಗಿದೆ. ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಅಡ್ಡ ಓಡುವವನನ್ನು 300 ಮೀಟರ್ ದೂರದಿಂದ ಹೊಡೆಯಬೇಕೆಂದರೆ ಎಂ416 ರಲ್ಲಿ ಅವನಿಗಿಂತ ಸುಮಾರು 2 ಮೀಟರ್ ಮುಂದೆ, ಎಕೆಎಂನಲ್ಲಿ 2.5 ಮೀಟರ್ ಮುಂದೆ ಗುರಿ ಇಡಬೇಕು. ಅವನು ಅಷ್ಟರಲ್ಲಿ ನಿಂತರೆ, ತಿರುಗಿದರೆ, ಕೂತರೆ, ನಮ್ಮ ಗುರಿ ಎಷ್ಟು ಚೆನ್ನಾಗಿದ್ದರೂ ಗುಂಡು ವ್ಯರ್ಥ. ಗುಂಡು ಕೆಳಗಿಳಿಯುವ ಲೆಕ್ಕ ಇನ್ನೂ ಬಿಗಿ: ಅದು ಸಮಯದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ದೂರ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟಾಗುತ್ತದೆ.

ಸೋಲ್ಜರ್‌ನ ಎದುರಿಗೆ ಒಬ್ಬ ಸ್ಕೌಟ್

ಈಗ ಇವೆಲ್ಲವನ್ನೂ ಒಂದೇ ಕಾಳಗದಲ್ಲಿ ಇಟ್ಟು ನೋಡೋಣ. ನೀವು ಸೋಲ್ಜರ್. ಎದುರಿಗೆ 512 ಯೂನಿಟ್ ದೂರದಲ್ಲಿ 125 ಆರೋಗ್ಯದ ಸ್ಕೌಟ್ ಅಡ್ಡಡ್ಡ ಓಡುತ್ತಿದ್ದಾನೆ. ಅವನ ವೇಗ ಸೆಕೆಂಡಿಗೆ 400 ಯೂನಿಟ್, ನಿಮ್ಮ ರಾಕೆಟ್ಟಿನ ವೇಗ 1100. ರಾಕೆಟ್ ಅವನಿದ್ದಲ್ಲಿಗೆ ತಲುಪಲು ಸುಮಾರು 0.47 ಸೆಕೆಂಡು ಬೇಕು, ಅಷ್ಟರಲ್ಲಿ ಅವನು 186 ಯೂನಿಟ್ ಸರಿದಿರುತ್ತಾನೆ. ಅವನ ಮೈಯ ಅಗಲ ಸುಮಾರು 48 ಯೂನಿಟ್. ಅಂದರೆ ನಾಲ್ಕು ಮೈ ಅಗಲದಷ್ಟು ಮುಂದೆ ಗುರಿ ಇಡಬೇಕು, ಅವನು ಆ ಅರ್ಧ ಸೆಕೆಂಡಿನಲ್ಲಿ ದಿಕ್ಕು ಬದಲಿಸಲಾರ ಎಂದು ನಂಬಬೇಕು. ಸ್ಕೌಟ್ ಗಾಳಿಯಲ್ಲಿ ಇನ್ನೊಮ್ಮೆ ಜಿಗಿಯಬಲ್ಲವನಾದ್ದರಿಂದ ಆ ನಂಬಿಕೆ ಬಲವಾದದ್ದಲ್ಲ. ಮೈಗೆ ಗುರಿಯಿಟ್ಟ ರಾಕೆಟ್ ತಪ್ಪಿದರೆ ಹಿಂದಿನ ಬಯಲಿಗೆ ಹೋಗಿ ಸಿಡಿಯುತ್ತದೆ, ಫಲ ಸೊನ್ನೆ. ಕಾಲ ಬುಡದ ನೆಲಕ್ಕೆ ಗುರಿಯಿಟ್ಟರೆ, ಊಹೆ 73 ಯೂನಿಟ್ ತಪ್ಪಿದರೂ ಸ್ಫೋಟದ ವ್ಯಾಪ್ತಿಯ ನಡುವಿನಲ್ಲಿ ಅವನು ಸಿಗುತ್ತಾನೆ, ಏಟು ಸುಮಾರು 67. ಪ್ರೊಜೆಕ್ಟೈಲ್‌ನಲ್ಲಿ ಸ್ಫೋಟದ ವ್ಯಾಪ್ತಿ ಮಾಡುವ ಕೆಲಸ ಇದು: ಊಹೆಯ ತಪ್ಪಿಗೆ ಅದು ಜಾಗ ಕೊಡುತ್ತದೆ.

ಅದೇ ದೂರದಲ್ಲಿ ಶಾಟ್‌ಗನ್ ಹಿಡಿದರೆ ಊಹೆ ಬೇಕಿಲ್ಲ. ಪ್ರತಿ ಚರೆಗೆ 6, ಹತ್ತೂ ಬಿದ್ದರೆ 60. ಆದರೆ ಆ ದೂರದಲ್ಲಿ ಹತ್ತೂ ಬೀಳುವುದಿಲ್ಲ. 1024 ಯೂನಿಟ್‌ಗೆ ಹೋದರೆ ಫಾಲ್‌ಆಫ್ ಪ್ರತಿ ಚರೆಯನ್ನು 3 ಕ್ಕೆ ಇಳಿಸುತ್ತದೆ, ಸ್ಪ್ರೆಡ್ ಚರೆಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. ಮೂರು ಚರೆ ಬಿದ್ದರೆ ಒಟ್ಟು 9. ಸ್ಪ್ರೆಡ್ ಮತ್ತು ಫಾಲ್‌ಆಫ್ ಎರಡೂ ಇರುವ ಹಿಟ್‌ಸ್ಕ್ಯಾನ್ ಆಯುಧದಲ್ಲಿ ಅವು ಒಂದಕ್ಕೊಂದು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಶಾಟ್‌ಗನ್ ದೂರದಲ್ಲಿ ನಿಷ್ಪ್ರಯೋಜಕವಾಗುವುದು ಅದಕ್ಕಾಗಿ.

ಹಾಗಾಗಿ ಇಲ್ಲಿನ ಉತ್ತರ ಎರಡರಲ್ಲಿ ಒಂದನ್ನು ಆರಿಸುವುದಲ್ಲ, ಅವುಗಳ ಸರದಿಯನ್ನು ಆರಿಸುವುದು. ಮೊದಲು ರಾಕೆಟ್. ಅದು ಪೂರ್ತಿಯಾಗಿ ಬಡಿದರೆ 90 ಹೋಗಿ 35 ಉಳಿಯುತ್ತದೆ, ಸ್ಕೌಟ್ ಗಾಳಿಗೆ ಹಾರುತ್ತಾನೆ. ಅದೇ ದೂರದಲ್ಲಿ ಶಾಟ್‌ಗನ್‌ನ ಆರು ಚರೆ ಬಿದ್ದರೆ 36, ಕೆಲಸ ಮುಗಿಯಿತು. ಮೊದಲ ರಾಕೆಟ್ 67 ಮಾತ್ರ ಕೊಟ್ಟಿದ್ದರೆ 58 ಉಳಿದಿರುತ್ತದೆ, ಅದಕ್ಕೆ ಹತ್ತೂ ಚರೆ ಬೇಕು. ಆಗ ಅಷ್ಟು ದೂರದಿಂದ ಶಾಟ್‌ಗನ್‌ಗೆ ಕೈ ಹಾಕುವುದಕ್ಕಿಂತ ಇನ್ನೊಂದು ರಾಕೆಟ್ ಬಿಡುವುದು, ಇಲ್ಲವೇ ಅವನು ಹತ್ತಿರ ಬರುವವರೆಗೆ ಕಾಯುವುದು ಸರಿ. ರಾಕೆಟ್ ಲಾಂಚರ್ 0.8 ಸೆಕೆಂಡಿಗೊಮ್ಮೆ ಹೊಡೆಯುತ್ತದೆ, ಶಾಟ್‌ಗನ್ 0.625 ಸೆಕೆಂಡಿಗೊಮ್ಮೆ, ಬದಲಿಸಲು ಸುಮಾರು ಅರ್ಧ ಸೆಕೆಂಡು ಬೇಕು. ಆದ್ದರಿಂದ ಒಂದೇ ಏಟಿನಲ್ಲಿ ಮುಗಿಸಬಲ್ಲೆ ಎಂಬ ಲೆಕ್ಕವಿದ್ದಾಗ ಬದಲಿಸುವುದು ಲಾಭ, ಇಲ್ಲದಿದ್ದರೆ ನಷ್ಟ. ಈ ಲೆಕ್ಕ ನನಗೆ ರೂಢಿಯಾಗಲು ತಿಂಗಳುಗಳೇ ಬೇಕಾದವು, ಏಕೆಂದರೆ ಅಲ್ಲಿಯವರೆಗೂ ನಾನು ತಪ್ಪಿದ ಪ್ರತಿ ರಾಕೆಟ್ಟಿಗೂ ಗುರಿಯನ್ನು ದೂರುತ್ತಿದ್ದೆ. ತಪ್ಪಿದ್ದು ಹೆಚ್ಚಾಗಿ ಆಯುಧದ ಸರದಿಯಾಗಿತ್ತು.

ಪಿಂಗ್ ಎಂಬ ನಾಲ್ಕನೆಯ ಅಂಕಿ

ಮನೆಯ ಇಂಟರ್ನೆಟ್ ನೋಡಿ ಆಯುಧವನ್ನು ಆರಿಸಬೇಕೆಂದರೆ ವಿಚಿತ್ರವಾಗಿ ಕೇಳಿಸಬಹುದು, ಆದರೆ ನಮ್ಮ ಊರುಗಳಿಂದ ಹೊರದೇಶದ ಸರ್ವರ್‌ಗಳಲ್ಲಿ ಆಡುವವರಿಗೆ ಇದು ನಿಜವಾದ ಮಾತು. ಕೌಂಟರ್-ಸ್ಟ್ರೈಕ್‌ನಲ್ಲಿಯೂ ಟೀಮ್ ಫೋರ್ಟ್ರೆಸ್‌ನಲ್ಲಿಯೂ ಹಿಟ್‌ಸ್ಕ್ಯಾನ್ ಏಟಿಗೆ ಲ್ಯಾಗ್ ಕಾಂಪೆನ್ಸೇಷನ್ ಇದೆ: ನೀವು ಗುಂಡಿ ಒತ್ತಿದಾಗ ನಿಮ್ಮ ಪರದೆಯಲ್ಲಿ ಎದುರಾಳಿ ಎಲ್ಲಿದ್ದನೋ ಅಲ್ಲಿಗೆ ಸರ್ವರ್ ಅವನನ್ನು ಹಿಂದಕ್ಕೆ ಸರಿಸಿ, ಏಟು ಬಿತ್ತೇ ಎಂದು ನೋಡುತ್ತದೆ. ಆದ್ದರಿಂದ ಎದುರಾಳಿಯ ಮೇಲೆಯೇ ಗುರಿಯಿಟ್ಟರೆ ಸಾಕು. ಟೀಮ್ ಫೋರ್ಟ್ರೆಸ್ 2 ರ ರಾಕೆಟ್ಟಿಗೆ ಈ ಸೌಲಭ್ಯವಿಲ್ಲ. ನಿಮ್ಮ ಸಂದೇಶ ಸರ್ವರ್ ತಲುಪಿದ ಮೇಲೆಯೇ ರಾಕೆಟ್ ಹುಟ್ಟುತ್ತದೆ, ಎದುರಾಳಿಯ ಆಗಿನ ಜಾಗವೇ ಲೆಕ್ಕ. ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ, 80 ಮಿಲಿಸೆಕೆಂಡ್ ಇದ್ದರೆ ಸ್ಕೌಟ್ 32 ಯೂನಿಟ್ ಹೆಚ್ಚು ಸರಿದಿರುತ್ತಾನೆ, ಮೈ ಅಗಲದ ಮೂರನೇ ಎರಡು ಭಾಗ. ಮೇಲೆ ಹೇಳಿದ 186 ಕ್ಕೆ ಇದನ್ನೂ ಕೂಡಿಸಬೇಕು.

ಇದನ್ನು ಗುರುತಿಸುವ ಬಗೆ ಸುಲಭ. ಹತ್ತಿರದ ಸರ್ವರ್‌ನಲ್ಲಿ ಸರಿಯಾಗಿ ಬೀಳುತ್ತಿದ್ದ ರಾಕೆಟ್‌ಗಳು ದೂರದ ಸರ್ವರ್‌ನಲ್ಲಿ ಒಂದೇ ಕಡೆಗೆ, ಎಂದರೆ ಓಡುವವನ ಬೆನ್ನ ಹಿಂದಕ್ಕೆ, ಮತ್ತೆ ಮತ್ತೆ ಬೀಳುತ್ತಿದ್ದರೆ ಅದು ಪಿಂಗ್. ಎರಡೂ ಕಡೆಗೆ ಸಮನಾಗಿ ತಪ್ಪುತ್ತಿದ್ದರೆ ಅದು ನಿಮ್ಮ ಊಹೆ. ಬಂದೂಕಿನ ಗುಂಡುಗಳು ಗುರಿಯ ಸುತ್ತ ಯಾವ ಕ್ರಮವೂ ಇಲ್ಲದೆ ಚದುರಿದರೆ ಸ್ಪ್ರೆಡ್, ಪ್ರತಿ ಸಲವೂ ಒಂದೇ ದಾರಿಯಲ್ಲಿ ಗುರಿಯನ್ನು ಬಿಟ್ಟು ಹೋದರೆ ರಿಕಾಯಿಲ್. ಗುಂಡು ತಗುಲಿಯೂ ಎದುರಾಳಿ ಬೀಳದಿದ್ದರೆ ಫಾಲ್‌ಆಫ್ ಅಥವಾ ಹೆಲ್ಮೆಟ್.

ಪಿಂಗ್ 100 ರ ಮೇಲಿರುವ ಸರ್ವರ್‌ನಲ್ಲಿ, ಎದುರಾಳಿ ಅಂಕುಡೊಂಕಾಗಿ ಓಡುವವನಾಗಿದ್ದರೆ, ಆಯ್ಕೆ ಇದ್ದಾಗಲೆಲ್ಲ ನಾನು ಹಿಟ್‌ಸ್ಕ್ಯಾನ್ ಆಯುಧವನ್ನೇ ಹಿಡಿಯುತ್ತೇನೆ. ಎದುರಾಳಿ ಕಿರಿದಾದ ಓಣಿಯಲ್ಲಿ, ಬಾಗಿಲ ಬಾಯಲ್ಲಿ, ಮೆಟ್ಟಿಲಿನ ಮೇಲೆ ಸಿಕ್ಕಿಕೊಂಡಿದ್ದರೆ, ಅಂದರೆ ಅವನು ಎಲ್ಲಿಗೆ ಹೋಗಬಹುದು ಎಂಬುದನ್ನು ಗೋಡೆಗಳೇ ತೀರ್ಮಾನಿಸಿರುವಾಗ, ರಾಕೆಟ್ಟಿಗೆ ಸರಿಸಾಟಿ ಇಲ್ಲ. ಅಲ್ಲಿ ಪಿಂಗ್ ಎಷ್ಟಿದ್ದರೂ ಅವನ ಕಾಲ ಬುಡದ ನೆಲ ಮಾತ್ರ ಸರಿಯುವುದಿಲ್ಲ.